ಗೋದಾಮಿನ ಚಾವಣಿಗೆ ಇನ್ಸುಲೇಟೆಡ್ ಪ್ಯಾನೆಲ್: ಸರಬರಾಜುದಾರರಿಗೆ ಬರೆಯುವ ಪತ್ರದಲ್ಲಿ ಏನು ಕೇಳಬೇಕು, ಏಕೆ ಕೇಳಬೇಕು

ಹುಬ್ಬಳ್ಳಿಯ ತಾರಿಹಾಳದಲ್ಲಾಗಲಿ ಬ್ಯಾಡಗಿ ಮಾರುಕಟ್ಟೆಯ ಆಸುಪಾಸಿನಲ್ಲಾಗಲಿ, ಗೋದಾಮು ಕಟ್ಟಿಸುವವರು ಬರೀ ಪತ್ರಾಸ್ ಹೊದಿಸುವ ಬದಲು ಎರಡು ತಗಡುಗಳ ನಡುವೆ ಫೋಮ್ ತುಂಬಿದ ಪ್ಯಾನೆಲ್ ಹಾಕಿಸುವುದುಂಟು. ದರ ವಿಚಾರಿಸುವುದು ಸಾಮಾನ್ಯವಾಗಿ ಫೋನಿನಲ್ಲಿ: "50 ಎಂಎಂ ಪಫ್ ಪ್ಯಾನೆಲ್, ಚದರಡಿಗೆ ಎಷ್ಟು?" ಪಫ್ ಎಂದರೆ ಪಾಲಿಯುರೆಥೇನ್ ಫೋಮ್. ಈ ಒಂದು ಸಾಲಿಗೆ ಮೂವರು ವ್ಯಾಪಾರಿಗಳು ಮೂರು ದರ ಹೇಳಬಹುದು, ಮೂವರೂ ನಿಜವನ್ನೇ ಹೇಳಿರಬಹುದು. ಒಬ್ಬರ 50 ಎಂಎಂ ಇನ್ನೊಬ್ಬರ 50 ಎಂಎಂ ಅಲ್ಲ. ಒಬ್ಬರ "ಫೈರ್ ರೇಟೆಡ್" ಎಂದರೆ ಫೋಮಿನ ಚೂರಿಗೆ ಮಾಡಿದ ಪರೀಕ್ಷೆ, ಇನ್ನೊಬ್ಬರದು ಇಡೀ ಪ್ಯಾನೆಲಿಗೆ ಮಾಡಿದ್ದು. ಒಬ್ಬರ "ಹತ್ತು ವರ್ಷ ವಾರಂಟಿ" ಬಣ್ಣಕ್ಕೆ ಮಾತ್ರ. ಹೀಗಾಗಿ ದರಕ್ಕಿಂತ ಮೊದಲು ಪತ್ರ ಬರೆದು ಕೇಳಬೇಕು. ಅದಕ್ಕೆ ಬಂದ ಉತ್ತರವನ್ನು ಖರೀದಿ ಆದೇಶಕ್ಕೆ ಲಗತ್ತಿಸಿದರೆ ಮುಂದೆ ತಕರಾರು ಬಂದಾಗ ಹಿಡಿದು ಮಾತಾಡಲು ಒಂದು ಕಾಗದ ಇರುತ್ತದೆ.

ಉದಾಹರಣೆಗೆ ಬ್ಯಾಡಗಿ ಹತ್ತಿರದ ಒಂದು ಒಣ ಮೆಣಸಿನಕಾಯಿ ಗೋದಾಮನ್ನು ಇಟ್ಟುಕೊಳ್ಳೋಣ. ಅಗಲ 60 ಅಡಿ, ಉದ್ದ 150 ಅಡಿ, ಉಕ್ಕಿನ ಚೌಕಟ್ಟು, ನಡುವೆ ಎತ್ತರವಾಗಿ ಎರಡೂ ಬದಿಗೆ ಇಳಿಜಾರಾದ ಚಾವಣಿ. ಶೀತಲಗೃಹವಲ್ಲ, ಸಾಮಾನ್ಯ ಗೋದಾಮು. ಮಾಲೀಕರ ಪತ್ರ ಹೀಗೆ ಶುರುವಾಗಲಿ:

> ಮಾನ್ಯರೇ,
> ನಮ್ಮ ಗೋದಾಮಿನ ಚಾವಣಿಗೆ ಇನ್ಸುಲೇಟೆಡ್ ಪ್ಯಾನೆಲ್ ಬೇಕಾಗಿದೆ. ಕಟ್ಟಡ 60 × 150 ಅಡಿ, ಇಳಿಜಾರು ಹತ್ತಕ್ಕೆ ಒಂದು, ಪರ್ಲಿನ್‌ಗಳ ನಡುವಿನ ಅಂತರ 1.4 ಮೀಟರ್. ಒಳಗೆ ಒಣ ಮೆಣಸಿನಕಾಯಿ ಚೀಲಗಳನ್ನು ಪೇರಿಸುತ್ತೇವೆ. ಮುಂದೆ ಚಾವಣಿಯ ಮೇಲೆ ಸೋಲಾರ್ ಕೂರಿಸುವ ಯೋಚನೆ ಇದೆ. ದರಪಟ್ಟಿಯ ಜೊತೆ ಕೆಳಗಿನ ವಿವರಗಳನ್ನು ಲಿಖಿತವಾಗಿ ಕೊಡಬೇಕಾಗಿ ವಿನಂತಿ.

ಈ ನಾಲ್ಕೈದು ಸಾಲು ಮುಖ್ಯ. ಪರ್ಲಿನ್ ಎಂದರೆ ಚಾವಣಿಯ ಪ್ಯಾನೆಲನ್ನು ಹೊರುವ ಉಕ್ಕಿನ ಅಡ್ಡತೊಲೆ. ಅದರ ಅಂತರ ಗೊತ್ತಿಲ್ಲದೆ ಪ್ಯಾನೆಲ್ ಎಷ್ಟು ಭಾರ ತಡೆಯುತ್ತದೆ, ಗಾಳಿಗೆ ಎಷ್ಟು ಬಗ್ಗುತ್ತದೆ ಎಂದು ಯಾರೂ ಹೇಳಲಾರರು. ಒಳಗೆ ಇಡುವ ಸರಕು ಉರಿಯುವಂಥದ್ದು ಎಂದು ಬರೆದಿದ್ದರೆ, ಅದು ತಮಗೆ ಗೊತ್ತಿರಲಿಲ್ಲ ಎಂದು ಸರಬರಾಜುದಾರರು ಮುಂದೆ ಹೇಳುವಂತಿಲ್ಲ. ಸೋಲಾರ್ ವಿಷಯ ವಾರಂಟಿಗೂ ಬೆಂಕಿಗೂ ತಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ದಪ್ಪ: ಎಲ್ಲಿಂದ ಎಲ್ಲಿಗೆ ಅಳೆದದ್ದು?

> ಪ್ಯಾನೆಲಿನ ದಪ್ಪವನ್ನು ಏಣುಗಳ ನಡುವಿನ ಸಮತಟ್ಟು ಭಾಗದಲ್ಲಿ ಅಳೆದು ತಿಳಿಸಿ. ಏಣಿನ ಎತ್ತರವನ್ನು ಬೇರೆಯಾಗಿ ಬರೆಯಿರಿ. ಒಳಗಿನ ಫೋಮ್ ಯಾವುದು, ಅದರ ಸಾಂದ್ರತೆ ಎಷ್ಟು, ಉಷ್ಣವಾಹಕತೆ ಎಷ್ಟು ಎಂಬುದನ್ನು ಪರೀಕ್ಷಾ ವರದಿಯೊಂದಿಗೆ ಕೊಡಿ. ಮೇಲಿನ ಮತ್ತು ಕೆಳಗಿನ ತಗಡಿನ ದಪ್ಪ, ಲೋಹಲೇಪನ ಚದರ ಮೀಟರಿಗೆ ಎಷ್ಟು ಗ್ರಾಂ, ಬಣ್ಣದ ಬಗೆ ಯಾವುದು ಎಂದು ತಿಳಿಸಿ.

ಚಾವಣಿ ಪ್ಯಾನೆಲಿನ ಮೇಲ್ಭಾಗ ಗೋಡೆ ಪ್ಯಾನೆಲಿನಂತೆ ಸಪಾಟಾಗಿರುವುದಿಲ್ಲ. ನೀರು ಹರಿಯಲು, ಬಲ ಬರಲು ಉದ್ದಕ್ಕೂ ಏಣುಗಳಿರುತ್ತವೆ. ಸಮತಟ್ಟು ಭಾಗದಲ್ಲಿ 50 ಎಂಎಂ, ಅದರ ಮೇಲೆ ಏಣು 35 ಎಂಎಂ ಇದ್ದರೆ ಏಣಿನ ತುದಿಯಲ್ಲಿ ಅಳತೆ 85 ಬರುತ್ತದೆ. ಚಾವಣಿಯ ಹೆಚ್ಚಿನ ಭಾಗದಲ್ಲಿ ಶಾಖ ತಡೆಯುವುದು ಆ 50 ಮಾತ್ರ. "80 ಎಂಎಂ ಪ್ಯಾನೆಲ್" ಎಂದು ಬಂದ ದರಪಟ್ಟಿಯಲ್ಲಿ ಏಣು ಸೇರಿದೆಯೋ ಇಲ್ಲವೋ ಕೇಳದೆ ಇನ್ನೊಂದು ದರದ ಜೊತೆ ಹೋಲಿಸಲಾಗದು. ಲೋಹದ ತಗಡಿನ ಸ್ಯಾಂಡ್‌ವಿಚ್ ಪ್ಯಾನೆಲ್‌ಗಳಿಗೆ ಯುರೋಪಿನಲ್ಲಿ ಇರುವ ಇಎನ್ 14509 ಮಾನದಂಡ 100 ಎಂಎಂವರೆಗಿನ ದಪ್ಪದಲ್ಲಿ 2 ಎಂಎಂ ಹೆಚ್ಚು ಕಡಿಮೆಯನ್ನು ಒಪ್ಪುತ್ತದೆ. ಪತ್ರದಲ್ಲಿ ಅಷ್ಟೇ ಸಡಿಲಿಕೆ ಕೊಟ್ಟರೆ ಸಾಕು.

ಹಾಗಾದರೆ ಈ ಗೋದಾಮಿಗೆ ಎಷ್ಟು ದಪ್ಪ ಬೇಕು? ಲೆಕ್ಕ ಕಷ್ಟದ್ದಲ್ಲ. ಏಪ್ರಿಲ್ ಮಧ್ಯಾಹ್ನ ಮೇಲಿನ ತಗಡು 65 ಡಿಗ್ರಿ ಕಾದಿದೆ, ಒಳಗಿನ ಗಾಳಿ 33 ಡಿಗ್ರಿ ಇದೆ ಎಂದುಕೊಳ್ಳಿ. ವ್ಯತ್ಯಾಸ 32. ಒಳ್ಳೆಯ ಪಾಲಿಯುರೆಥೇನ್ ಅಥವಾ ಅದೇ ಕುಲದ ಪಿಐಆರ್ ಫೋಮಿನ ಉಷ್ಣವಾಹಕತೆ ಸುಮಾರು 0.023. ದಪ್ಪವನ್ನು ಮೀಟರಿನಲ್ಲಿ ಬರೆದು ಇದರಿಂದ ಭಾಗಿಸಿದರೆ ಪ್ಯಾನೆಲ್ ಶಾಖಕ್ಕೆ ಒಡ್ಡುವ ತಡೆ ಸಿಗುತ್ತದೆ: 0.05 ಭಾಗ 0.023 ಎಂದರೆ 2.17. ತಗಡಿನ ಕೆಳಗೆ ಅಂಟಿಕೊಂಡ ಗಾಳಿಯ ಪದರದ 0.16 ಸೇರಿಸಿದರೆ 2.33. ವ್ಯತ್ಯಾಸ 32ನ್ನು ಇದರಿಂದ ಭಾಗಿಸಿದರೆ ಪ್ರತಿ ಚದರ ಮೀಟರಿಗೆ 13.7 ವ್ಯಾಟ್ ಶಾಖ ಒಳಗಿಳಿಯುತ್ತದೆ. ನಮ್ಮ 9,000 ಚದರಡಿ, ಅಂದರೆ 836 ಚದರ ಮೀಟರಿಗೆ, ಒಟ್ಟು 11.5 ಕಿಲೋವ್ಯಾಟ್.

ಇದೇ ಲೆಕ್ಕದಲ್ಲಿ 30 ಎಂಎಂ ಪ್ಯಾನೆಲಿಗೆ 18.3 ಕಿಲೋವ್ಯಾಟ್, 80 ಎಂಎಂ ಪ್ಯಾನೆಲಿಗೆ 7.4 ಕಿಲೋವ್ಯಾಟ್ ಬರುತ್ತದೆ. ಬರೀ ತಗಡಾಗಿದ್ದರೆ ನೂರು ಕಿಲೋವ್ಯಾಟ್ ದಾಟುತ್ತಿತ್ತು. ನೋಡಿ, ತಗಡಿನಿಂದ 30 ಎಂಎಂಗೆ ಬಂದಾಗ ಸಿಗುವ ಲಾಭ ಅಪಾರ. 30ರಿಂದ 50ಕ್ಕೆ ಹೋದರೆ ಸುಮಾರು 7 ಕಿಲೋವ್ಯಾಟ್ ಉಳಿಯುತ್ತದೆ. 50ರಿಂದ 80ಕ್ಕೆ ಹೋದರೆ 4 ಮಾತ್ರ, ಅದೂ 30 ಎಂಎಂ ಫೋಮಿನ ಹಣ ತೆತ್ತು. ಎಸಿ ಇಲ್ಲದ, ಬಾಗಿಲು ತೆರೆದಿರುವ ಗೋದಾಮಿಗೆ 50 ಎಂಎಂ ಸಾಕು, ಉಳಿದ ಹಣವನ್ನು ತಗಡಿನ ಗುಣಮಟ್ಟಕ್ಕೂ ಬೆಂಕಿ ತಡೆಯುವ ಫೋಮಿಗೂ ಹಾಕುವುದು ಲೇಸು ಎಂಬುದು ಈ ಲೇಖನದ ಖಚಿತ ಅಭಿಪ್ರಾಯ. ಒಳಗೆ ಯಂತ್ರದಿಂದ ತಂಪು ಮಾಡುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಒಳಗೆ ಇಳಿದ ಪ್ರತಿ ಕಿಲೋವ್ಯಾಟ್ ಶಾಖಕ್ಕೂ ಕರೆಂಟ್ ಬಿಲ್ ಕಟ್ಟಬೇಕು, ಆದ್ದರಿಂದ 100 ಎಂಎಂ ಮತ್ತು ಅದಕ್ಕೂ ದಪ್ಪನೆಯ ಪ್ಯಾನೆಲ್‌ಗೆ ಅರ್ಥವಿದೆ.

ಈ ಲೆಕ್ಕವೆಲ್ಲ ನಿಂತಿರುವುದು ಫೋಮ್ ಸರಿಯಾಗಿದ್ದರೆ ಮಾತ್ರ. ಪಾಲಿಯುರೆಥೇನ್ ಮತ್ತು ಪಿಐಆರ್ ಪ್ಯಾನೆಲ್‌ಗಳಿಗೆ ಮಾರುಕಟ್ಟೆಯಲ್ಲಿ ಹೇಳುವ ಸಾಂದ್ರತೆ ಘನ ಮೀಟರಿಗೆ 40 ಕೆಜಿ, 2 ಕೆಜಿ ಆಚೆ ಈಚೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮಾದರಿ ತುಂಡಿನಿಂದ ತಗಡು ಬಿಡಿಸಿ, 100 ಎಂಎಂ ಉದ್ದ, 100 ಎಂಎಂ ಅಗಲ, 50 ಎಂಎಂ ದಪ್ಪದ ಫೋಮ್ ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿಡಿ. 20 ಗ್ರಾಂ ತೂಗಬೇಕು. 16 ಗ್ರಾಂ ತೂಗಿದರೆ ಸಾಂದ್ರತೆ 32 ಮಾತ್ರ: ಫೋಮ್ ಸಡಿಲು, ಮೇಲೆ ಜನ ನಡೆದರೆ ತಗ್ಗು ಬೀಳುತ್ತದೆ, ತಗಡಿನಿಂದ ಬಿಟ್ಟುಕೊಳ್ಳುವ ಸಂಭವವೂ ಹೆಚ್ಚು.

ತಗಡಿನಲ್ಲಿ ನೋಡಬೇಕಾದ್ದು ಎರಡು. 0.5 ಎಂಎಂ ಎನ್ನುವುದು ಬರೀ ಉಕ್ಕಿನ ದಪ್ಪವೋ ಲೇಪನ ಮತ್ತು ಬಣ್ಣ ಸೇರಿದ ದಪ್ಪವೋ ಕೇಳಿ, ಏಕೆಂದರೆ ಬಲ ಕೊಡುವುದು ಉಕ್ಕು. ಲೇಪನ ಬರೀ ಸತುವೋ, ಅಲ್ಯೂಮಿನಿಯಂ ಮತ್ತು ಸತು ಬೆರೆತ ಗ್ಯಾಲ್ವಲ್ಯೂಮೋ ಎಂಬುದನ್ನೂ ಬರೆಸಿಕೊಳ್ಳಿ. ಗ್ಯಾಲ್ವಲ್ಯೂಮ್ ತಗಡಿನ ಮೇಲೆ "ಎಜೆಡ್ 150" ಎಂದಿದ್ದರೆ ಎರಡೂ ಮುಖ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪನವಿದೆ ಎಂದರ್ಥ.

ದಪ್ಪದ ಜೊತೆಗೇ ಕೇಳಬೇಕಾದ ಇನ್ನೊಂದು ಮಾತು ಬಿಲ್ಲಿನದು. ಪ್ಯಾನೆಲ್ ಮುಚ್ಚುವ ಅಗಲ 1 ಮೀಟರ್, ಪಕ್ಕದ ಪ್ಯಾನೆಲಿನ ಮೇಲೆ ಕೂರುವ ಏಣು ಸೇರಿ 1.06 ಮೀಟರ್ ಎನ್ನೋಣ. ನಮ್ಮ ಗೋದಾಮಿಗೆ ಒಂದು ಬದಿಗೆ 46, ಎರಡೂ ಬದಿಗೆ 92 ಪ್ಯಾನೆಲ್ ಬೇಕು. ಸೂರಿನ ಚಾಚು ಸೇರಿ ಒಂದೊಂದು 32 ಅಡಿ, ಅಂದರೆ 9.75 ಮೀಟರ್ ಉದ್ದ. ಮುಚ್ಚುವ ಅಗಲಕ್ಕೆ ಬಿಲ್ ಮಾಡಿದರೆ 897 ಚದರ ಮೀಟರ್. ಪೂರ್ತಿ ಅಗಲಕ್ಕೆ ಮಾಡಿದರೆ 951. ಚದರಡಿ ದರ ಒಂದೇ ಇದ್ದರೂ ಸುಮಾರು 580 ಚದರಡಿಯ ಹಣ ಹೆಚ್ಚಾಗುತ್ತದೆ.

ಬೆಂಕಿ: ಎರಡು ಬೇರೆ ಬೇರೆ ಪ್ರಶ್ನೆಗಳು

> ಬೆಂಕಿಗೆ ಸಂಬಂಧಿಸಿ ಎರಡು ಉತ್ತರ ಬೇಕು. ಒಂದು, ಪ್ಯಾನೆಲ್ ತಾನೇ ಹೊತ್ತಿಕೊಳ್ಳುವ, ಜ್ವಾಲೆ ಹರಡುವ ಗುಣ ಯಾವ ಮಾನದಂಡದಲ್ಲಿ ಯಾವ ದರ್ಜೆ? ಎರಡು, ಕೆಳಗಿನಿಂದ ಬೆಂಕಿ ತಾಗಿದಾಗ ಚಾವಣಿಯಾಗಿ ಎಷ್ಟು ನಿಮಿಷ ತಡೆಯುತ್ತದೆ? ಎರಡಕ್ಕೂ ಪ್ರಯೋಗಾಲಯದ ಪೂರ್ಣ ವರದಿ ಕೊಡಿ. ಪರೀಕ್ಷೆಗೆ ಒಳಗಾದ ಮಾದರಿಯ ದಪ್ಪ, ಫೋಮ್, ಜೋಡಣೆ, ಪರ್ಲಿನ್ ಅಂತರ ವರದಿಯಲ್ಲಿ ಕಾಣಬೇಕು.

ಈ ಎರಡು ಪ್ರಶ್ನೆ ಒಂದೇ ಅಲ್ಲ, ಗೊಂದಲವೆಲ್ಲ ಇಲ್ಲೇ. ಮೊದಲನೆಯದು ವಸ್ತುವಿನ ಗುಣ: ಬೆಂಕಿ ತಾಗಿದರೆ ಪ್ಯಾನೆಲ್ ತಾನೂ ಉರಿಯುತ್ತದೆಯೇ, ಎಷ್ಟು ಬೇಗ ಹರಡುತ್ತದೆ, ಎಷ್ಟು ಹೊಗೆ ಬಿಡುತ್ತದೆ, ಉರಿಯುವ ಹನಿ ಬೀಳಿಸುತ್ತದೆಯೇ. ಇಎನ್ 13501ರ ಮೊದಲ ಭಾಗದಲ್ಲಿ ಇದಕ್ಕೆ ಎ1ರಿಂದ ಎಫ್‌ವರೆಗೆ ದರ್ಜೆಗಳಿವೆ. "ಬಿ-ಎಸ್2-ಡಿ0" ಎಂದಿದ್ದರೆ ಉರಿಗೆ ಕೊಡುವ ಇಂಧನ ತೀರ ಕಡಿಮೆ, ಹೊಗೆ ಮಧ್ಯಮ, ಉರಿಯುವ ಹನಿ ಇಲ್ಲ ಎಂದರ್ಥ. ಎರಡನೆಯದು ಕಟ್ಟಡದ ಗುಣ: ಇಡೀ ಚಾವಣಿ ಬೆಂಕಿಯನ್ನು ಎಷ್ಟು ಹೊತ್ತು ಆಚೆ ಬಿಡದೆ ಹಿಡಿಯುತ್ತದೆ. ಇದನ್ನು ನಿಮಿಷಗಳಲ್ಲಿ ಹೇಳುತ್ತಾರೆ. ನಮ್ಮಲ್ಲಿ ಐಎಸ್ 3809, ಬ್ರಿಟಿಷ್ ಪದ್ಧತಿಯಲ್ಲಿ ಬಿಎಸ್ 476ರ 20ರ ನಂತರದ ಭಾಗಗಳು, ಯುರೋಪಿನಲ್ಲಿ ಇಎನ್ 13501ರ ಎರಡನೆಯ ಭಾಗ ಇದಕ್ಕಿವೆ. ಬಿಎಸ್ 476ರದ್ದೇ 7ನೇ ಭಾಗದ "ಕ್ಲಾಸ್ 1" ಪ್ರಮಾಣಪತ್ರ ಮೇಲ್ಮೈಯಲ್ಲಿ ಜ್ವಾಲೆ ಹರಡುವುದರ ಪರೀಕ್ಷೆ. ಅದನ್ನು ತೋರಿಸಿ "ಒಂದು ಗಂಟೆ ಫೈರ್ ರೇಟಿಂಗ್" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಪರೀಕ್ಷೆಯಲ್ಲಿ ಗಂಟೆಯ ಲೆಕ್ಕವೇ ಇಲ್ಲ.

ಪಫ್ ಪ್ಯಾನೆಲಿನ ದರಪಟ್ಟಿಗಳಲ್ಲಿ "ಬಿ2 ಗ್ರೇಡ್ ಫೋಮ್" ಎಂಬ ಮಾತು ಬಹಳ ಕಾಣುತ್ತದೆ. ಇದು ಜರ್ಮನಿಯ ಡಿಐಎನ್ 4102ರ ವರ್ಗ. ಅಲ್ಲಿ ಬಿ1 ಎಂದರೆ ಸುಲಭವಾಗಿ ಹೊತ್ತಿಕೊಳ್ಳದ್ದು, ಬಿ2 ಎಂದರೆ ಸಾಮಾನ್ಯವಾಗಿ ಉರಿಯುವಂಥದ್ದು, ಬಿ3 ಎಂದರೆ ಬೇಗ ಹೊತ್ತಿಕೊಳ್ಳುವಂಥದ್ದು. ಬಿ2 ಎನ್ನುವುದು ದೊಡ್ಡ ಭರವಸೆ ಏನೂ ಅಲ್ಲ. ಮೆಣಸಿನಕಾಯಿ ಚೀಲಗಳ ಮೇಲೆ ಇರುವ ಚಾವಣಿಗೆ ಅದೊಂದನ್ನೇ ನಂಬಿ ಕೂರಬಾರದು.

ಒಳಗಿನ ತುಂಬುವಸ್ತುಗಳ ನಡವಳಿಕೆಯೂ ಬೇರೆ ಬೇರೆ. ಥರ್ಮೋಕೋಲ್ ಬಿಸಿಗೆ ಕರಗಿ ಇಳಿಯುತ್ತದೆ, ಎರಡು ತಗಡುಗಳ ನಡುವೆ ಟೊಳ್ಳು ಉಳಿದು ಬೆಂಕಿ ಅದರೊಳಗೇ ಓಡುತ್ತದೆ. ಪಾಲಿಯುರೆಥೇನ್ ಕರಗದಿದ್ದರೂ ಉರಿಯುತ್ತದೆ, ಹೊಗೆ ವಿಷಕಾರಿ. ಪಿಐಆರ್ ಅದೇ ಕುಲದ್ದಾದರೂ ಬೆಂಕಿ ತಾಗಿದ ಕಡೆ ಇದ್ದಿಲ ಪದರವೊಂದು ಕಟ್ಟಿಕೊಂಡು ಒಳಗಿನ ಫೋಮನ್ನು ಸ್ವಲ್ಪ ಕಾಯುತ್ತದೆ. ರಾಕ್‌ವೂಲ್ ಕಲ್ಲಿನ ನಾರು, ಉರಿಯುವುದಿಲ್ಲ.

ಹಾಗಾದರೆ ರಾಕ್‌ವೂಲನ್ನೇ ಹಾಕಿಸಬಾರದೇಕೆ? ಹಾಕಿಸಬಹುದು, ಆದರೆ ಚೌಕಟ್ಟಿನ ಎಂಜಿನಿಯರಿಗೆ ಮೊದಲೇ ಹೇಳಬೇಕು. ರಾಕ್‌ವೂಲಿನ ಉಷ್ಣವಾಹಕತೆ ಸುಮಾರು 0.043, ಹಾಗಾಗಿ 50 ಎಂಎಂ ಫೋಮಿನಷ್ಟು ಶಾಖ ತಡೆಯಲು ಹೆಚ್ಚುಕಡಿಮೆ 100 ಎಂಎಂ ರಾಕ್‌ವೂಲ್ ಬೇಕು. ಘನ ಮೀಟರಿಗೆ 100 ಕೆಜಿ ಸಾಂದ್ರತೆಯಲ್ಲಿ ಅದು ಚದರ ಮೀಟರಿಗೆ 10 ಕೆಜಿ ತೂಗುತ್ತದೆ, ಫೋಮ್ ತೂಗುವುದು 2 ಕೆಜಿ. ನಮ್ಮ 897 ಚದರ ಮೀಟರ್ ಚಾವಣಿಗೆ 7 ಟನ್‌ಗಿಂತ ಹೆಚ್ಚು ಭಾರ ಹೆಚ್ಚಾಯಿತು. ಪರ್ಲಿನ್ ಅಳತೆ ನಿರ್ಧಾರವಾದ ಮೇಲೆ ಈ ಬದಲಾವಣೆ ಮಾಡುವಂತಿಲ್ಲ. ಇಡೀ ಚಾವಣಿಗೆ ಪಿಐಆರ್ ಹಾಕಿ, ವಿದ್ಯುತ್ ಫಲಕದ ಕೋಣೆ ಮತ್ತು ಪಕ್ಕದ ಗೋದಾಮಿಗೆ ತಾಗಿದ ಪಟ್ಟಿಯಲ್ಲಿ ಮಾತ್ರ ರಾಕ್‌ವೂಲ್ ಬಳಸುವುದು ಒಂದು ಒಳ್ಳೆಯ ನಡುದಾರಿ. ಆ ಪಟ್ಟಿಯ ಕೆಳಗಿನ ಪರ್ಲಿನ್‌ಗಳನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಸಬೇಕು.

ವರದಿ ಬಂದ ಮೇಲೆ ಅದನ್ನು ಓದುವುದೂ ಒಂದು ಕೆಲಸ. ನಿಮಿಷಗಳ ಅಂಕಿ ಪರೀಕ್ಷೆ ಮಾಡಿದ ಆ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ನೀವು ಕೇಳಿದ್ದು 50 ಎಂಎಂ ಪಿಐಆರ್, ವರದಿಯಲ್ಲಿರುವುದು 100 ಎಂಎಂ ರಾಕ್‌ವೂಲ್ ಆಗಿದ್ದರೆ ಅದು ನಿಮ್ಮ ಪ್ಯಾನೆಲಿನ ವರದಿಯಲ್ಲ. ನಿಲ್ಲಿಸಿದ ಗೋಡೆಯಾಗಿ ಪರೀಕ್ಷಿಸಿದ್ದು ಮಲಗಿಸಿದ ಚಾವಣಿಗೆ ಒಪ್ಪುವುದಿಲ್ಲ, ಏಕೆಂದರೆ ಚಾವಣಿಯಲ್ಲಿ ಕೆಳತಗಡು ಕಾದು ಹಿಗ್ಗಿ ಜೋತುಬೀಳುತ್ತದೆ, ಜೋಡಣೆ ಬಾಯಿಬಿಡುತ್ತದೆ. ಪರೀಕ್ಷೆಯಲ್ಲಿ ಪಕ್ಕದ ಜೋಡಣೆಗೆ ಹತ್ತಿರ ಹತ್ತಿರ ಸ್ಕ್ರೂ ಹೊಡೆದಿದ್ದರೆ ನಿಮ್ಮ ಗೋದಾಮಿನಲ್ಲೂ ಹಾಗೆಯೇ ಹೊಡೆಯಬೇಕು. ಇನ್ನೊಂದು ಮಿತಿಯನ್ನು ಸರಬರಾಜುದಾರರು ಸಾಮಾನ್ಯವಾಗಿ ಹೇಳುವುದಿಲ್ಲ: ಪ್ಯಾನೆಲ್ ಒಂದು ಗಂಟೆ ತಡೆದರೂ ಅದನ್ನು ಹೊತ್ತಿರುವ ಉಕ್ಕು ತಡೆಯಬೇಕಲ್ಲ. ಸುಮಾರು 550 ಡಿಗ್ರಿ ಮುಟ್ಟುವಾಗ ಉಕ್ಕು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಂಡಿರುತ್ತದೆ, ಪರ್ಲಿನ್‌ನಂಥ ತೆಳು ಉಕ್ಕು ಬಹಳ ಬೇಗ ಕಾಯುತ್ತದೆ. ರಕ್ಷಣೆಯ ಲೇಪನವಿಲ್ಲದ ಚೌಕಟ್ಟಿನ ಮೇಲೆ 60 ನಿಮಿಷದ ಪ್ಯಾನೆಲ್ ಕೂರಿಸಿ, ಕಟ್ಟಡಕ್ಕೆ 60 ನಿಮಿಷ ಸಿಕ್ಕಿತು ಎನ್ನಲಾಗದು.

ಬೆಳಕಿಗೆಂದು ನಡುನಡುವೆ ಹಾಕುವ ಪಾಲಿಕಾರ್ಬೊನೇಟ್ ತಗಡು, ಗಾಳಿಗೆಂದು ಕೊರೆಯುವ ತೂತು, ಸೋಲಾರ್ ಕೇಬಲ್ ಇಳಿಯುವ ಜಾಗ, ಈ ಎಲ್ಲ ಕಡೆ ಕತ್ತರಿಸಿದ ಫೋಮಿನ ಅಂಚು ಬಯಲಾಗುತ್ತದೆ. ಬೆಂಕಿ ಹಿಡಿಯುವುದು ಹೆಚ್ಚಾಗಿ ಅಲ್ಲೇ. ಅಂಥ ಅಂಚಿಗೆಲ್ಲ ತಗಡಿನ ಮುಚ್ಚುಪಟ್ಟಿ ದರದಲ್ಲಿ ಸೇರಿದೆಯೇ ಎಂದು ಪತ್ರದಲ್ಲೇ ಕೇಳಿಬಿಡಿ. ವರದಿಗಳ ಪ್ರತಿಯನ್ನು ಆದೇಶ ಕೊಡುವ ಮೊದಲೇ ಅಗ್ನಿವಿಮೆಯ ಕಂಪನಿಗೆ ತೋರಿಸಿ, ಅವರ ಅಭಿಪ್ರಾಯವನ್ನೂ ಬರಹದಲ್ಲಿ ಪಡೆಯಿರಿ.

ವಾರಂಟಿ: ಯಾರದು, ಯಾವುದಕ್ಕೆ, ಎಂದಿನಿಂದ?

> ತಗಡು ತುಕ್ಕು ಹಿಡಿದು ತೂತಾಗುವುದು, ಬಣ್ಣ ಸಿಪ್ಪೆ ಏಳುವುದು ಅಥವಾ ಮಾಸುವುದು, ಫೋಮ್ ತಗಡಿನಿಂದ ಬಿಡುವುದು, ಚಾವಣಿ ಸೋರುವುದು, ಈ ನಾಲ್ಕಕ್ಕೂ ವಾರಂಟಿ ಎಷ್ಟೆಷ್ಟು ವರ್ಷ, ಕೊಡುವವರು ಯಾರು? ಲೆಕ್ಕ ಯಾವ ದಿನದಿಂದ? ಬದಲಿ ಪ್ಯಾನೆಲಿನ ಜೊತೆ ಬಿಚ್ಚುವ, ಕೂರಿಸುವ, ಕ್ರೇನಿನ ಖರ್ಚು ಸೇರಿದೆಯೇ? ವಾರಂಟಿ ರದ್ದಾಗುವ ಎಲ್ಲ ಸಂದರ್ಭಗಳನ್ನು ಬರೆದು ಕೊಡಿ.

ನಾಲ್ಕನ್ನೂ ಬಿಡಿಸಿ ಕೇಳಲು ಕಾರಣ, ನಾಲ್ಕಕ್ಕೂ ಹೊಣೆ ಹೊರುವವರು ಬೇರೆ ಬೇರೆ. ತುಕ್ಕು ಮತ್ತು ಬಣ್ಣದ ವಾರಂಟಿ ಮೂಲತಃ ಸುರುಳಿ ತಗಡು ತಯಾರಿಸಿದ ಉಕ್ಕಿನ ಕಾರ್ಖಾನೆಯದು. ಫೋಮ್ ಅಂಟಿನ ಹೊಣೆ ಪ್ಯಾನೆಲ್ ತಯಾರಕರದು. ಸೋರಿಕೆ ಕೂರಿಸಿದವರದು. "ಹತ್ತು ವರ್ಷ" ಎಂದು ಒಟ್ಟಾಗಿ ಹೇಳಿದ್ದು ಬಹುಮಟ್ಟಿಗೆ ಮೊದಲನೆಯದು. ಆ ಪ್ರಮಾಣಪತ್ರ ನಿಮ್ಮ ಗೋದಾಮಿನ ಹೆಸರಿಗೆ, ಸುರುಳಿಯ ಬ್ಯಾಚ್ ಸಂಖ್ಯೆಯೊಂದಿಗೆ ಬರಬೇಕು. ವಾರಂಟಿ ಮೊತ್ತ ವರ್ಷವರ್ಷ ಇಳಿಯುತ್ತದೆಯೇ ಎಂಬುದನ್ನೂ ನೋಡಿ: ಸಮನಾಗಿ ಇಳಿಯುವ ಹತ್ತು ವರ್ಷದ ವಾರಂಟಿಯಲ್ಲಿ ಎಂಟು ವರ್ಷ ಮುಗಿದ ಮೇಲೆ ಉಳಿಯುವುದು ಐದರಲ್ಲಿ ಒಂದು ಪಾಲು.

ರದ್ದಾಗುವ ಕಾರಣಗಳಲ್ಲಿ ನಮ್ಮ ಭಾಗದಲ್ಲಿ ನಿಜಕ್ಕೂ ಕಾಡುವುದು ಮೂರು. ಜೂನ್ ಬರುವ ಹೊತ್ತಿಗೆ ಪ್ಯಾನೆಲ್ ಬಂದು, ಕೂರಿಸುವ ಮೊದಲೇ ಮಳೆ ಹಿಡಿದರೆ ಪೇರಿಸಿದ ತಗಡುಗಳ ನಡುವೆ ನೀರು ನಿಂತು ಬಿಳಿ ತುಕ್ಕು ಕಟ್ಟುತ್ತದೆ. ಪೇರನ್ನು ಒಂದು ತುದಿ ಎತ್ತರವಾಗಿಟ್ಟು, ಗಾಳಿಯಾಡುವಂತೆ ತಾಡಪತ್ರಿ ಮುಚ್ಚಬೇಕು. ಎರಡನೆಯದು ಗ್ರೈಂಡರ್. ಫ್ಯಾಬ್ರಿಕೇಟರ್‌ಗಳು ಕಲ್ಲುಚಕ್ರದಿಂದ ಕತ್ತರಿಸಿದಾಗ ಕೆಂಪಗೆ ಕಾದ ಉಕ್ಕಿನ ಕಿಡಿಗಳು ಬಣ್ಣದೊಳಗೆ ನಾಟುತ್ತವೆ, ಅಂಚಿನ ಲೇಪನ ಸುಡುತ್ತದೆ. ಮೊದಲ ಮಳೆಗೇ ಕೆಂಪು ಚುಕ್ಕಿ ಏಳುತ್ತವೆ, ತಯಾರಕರು ಹೊಣೆ ಹೊರುವುದಿಲ್ಲ. ತಣ್ಣಗೆ ಕತ್ತರಿಸುವ ಹಲ್ಲಿನ ಗರಗಸ ಬಳಸಬೇಕು, ಸ್ಕ್ರೂ ಕೊರೆದ ಉಕ್ಕಿನ ಪುಡಿಯನ್ನು ಅಂದೇ ಸಂಜೆ ಗುಡಿಸಬೇಕು. ಮೂರನೆಯದು ಕಡುಬಣ್ಣ. ಇಎನ್ 14509 ಬಿಸಿಲಿನಲ್ಲಿ ತಗಡಿನ ಬಿಸಿಯನ್ನು ತೀರ ತಿಳಿ ಬಣ್ಣಕ್ಕೆ 55, ತಿಳಿ ಬಣ್ಣಕ್ಕೆ 65, ಕಡುಬಣ್ಣಕ್ಕೆ 80 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕಿಸುತ್ತದೆ. ಕಡುನೀಲಿ ಚಾವಣಿ ನೋಡಲು ಚಂದ, ಆದರೆ ಮೇಲಿನ ತಗಡು ಹಿಗ್ಗಿ ಕುಗ್ಗುವುದು ಹೆಚ್ಚಿ ಫೋಮಿನ ಅಂಟಿನ ಮೇಲೆ ಎಳೆತ ಬೀಳುತ್ತದೆ, ಅಲ್ಲಲ್ಲಿ ಗುಳ್ಳೆ ಏಳುತ್ತವೆ. ಮಾಸಲು ಬಿಳಿ ಹಾಕಿಸಿ.

ಸೋರಿಕೆಗೆ ಬಹುಪಾಲು ಸ್ಕ್ರೂಗಳೇ ಕಾರಣ. ಏಣಿನ ಮೇಲಿಂದ ಹೊಡೆಯುವ ಸ್ಕ್ರೂ 50 ಎಂಎಂ ಫೋಮ್, 35 ಎಂಎಂ ಏಣು ದಾಟಿ ಪರ್ಲಿನ್ ಹಿಡಿಯಬೇಕಾದ್ದರಿಂದ ಸುಮಾರು 110 ಎಂಎಂ ಉದ್ದದ್ದಿರಬೇಕು. ಕೆಳಗೆ ರಬ್ಬರ್ ವಾಷರ್ ಇರಬೇಕು. ಅತಿ ಬಿಗಿ ಮಾಡಿದರೆ ತಗಡು ತಗ್ಗಾಗಿ ನೀರು ಅಲ್ಲೇ ನಿಲ್ಲುತ್ತದೆ. ಸೋಲಾರ್ ಕೂರಿಸುವವರು ಏಣಿಗೆ ಕೊರೆಯುವ ತೂತಿನಿಂದ ವಾರಂಟಿ ಉಳಿಯುತ್ತದೋ ಹೋಗುತ್ತದೋ ಎಂಬುದನ್ನು ಈಗಲೇ ಬರೆಸಿಕೊಳ್ಳಬೇಕು.

ಪತ್ರದ ಕೊನೆಗೆ ಇಷ್ಟು ಸೇರಿಸಿ:

> ಆದೇಶಕ್ಕೆ ಮೊದಲು ಒಂದು ಅಡಿ ಉದ್ದದ ಮಾದರಿ ತುಂಡು ಕಳಿಸಿಕೊಡಿ. ಸರಕು ಬಂದ ದಿನ ನಾವು ಆರಿಸಿದ ಪ್ಯಾನೆಲಿನಿಂದ ಒಂದು ತುಂಡು ಕತ್ತರಿಸಿ ದಪ್ಪ ಮತ್ತು ಸಾಂದ್ರತೆ ನೋಡುತ್ತೇವೆ. ನೀವು ಲಿಖಿತವಾಗಿ ಕೊಟ್ಟ ಅಳತೆಗೆ ಹೊಂದದಿದ್ದರೆ ಲಾರಿಯನ್ನು ನಿಮ್ಮ ಖರ್ಚಿನಲ್ಲಿ ವಾಪಸು ಕಳಿಸಲಾಗುವುದು. ಇದಕ್ಕೆ ನಿಮ್ಮ ಒಪ್ಪಿಗೆ ತಿಳಿಸಿ.
> ತಮ್ಮ ವಿಶ್ವಾಸಿ

ಕತ್ತರಿಸಿ ನೋಡಲೆಂದು ಒಂದು ಗಿಡ್ಡ ಪ್ಯಾನೆಲನ್ನು ಆದೇಶದಲ್ಲೇ ಹೆಚ್ಚಿಗೆ ಸೇರಿಸಿಕೊಂಡರೆ 92ರಲ್ಲಿ ಒಂದೂ ಹಾಳಾಗುವುದಿಲ್ಲ. ಆದರೆ ಅದು ಪ್ರತ್ಯೇಕವಾಗಿ ತಯಾರಾಗದೆ ಅದೇ ದಿನದ ಉತ್ಪಾದನೆಯಿಂದ, ಅದೇ ಬ್ಯಾಚ್ ಸಂಖ್ಯೆಯೊಂದಿಗೆ ಬರಬೇಕೆಂದು ಆದೇಶದಲ್ಲಿ ಬರೆಯಿರಿ. ತುಂಡನ್ನು ಅಳೆದ ಮೇಲೆ ಎಸೆಯಬೇಡಿ. ದಿನಾಂಕ ಬರೆದು ಇಬ್ಬರೂ ಸಹಿ ಹಾಕಿ, ವಾರಂಟಿ ಮುಗಿಯುವವರೆಗೆ ಬಿಲ್ಲಿನ ಕಡತದ ಜೊತೆ ಇಟ್ಟುಕೊಳ್ಳಿ.